ಸರೋಜಮ್ಮ ಬಸ್ಸು ಹತ್ತುವ ಮೊದಲು

"ಬಳಕೆದಾರನಾಗಿ ನನಗೆ ಪುಸ್ತಕ ಹುಡುಕುವ ಸೌಲಭ್ಯ ಬೇಕು, ಯಾಕೆಂದರೆ ನಾನು ಪುಸ್ತಕ ಹುಡುಕಬೇಕು."

ಗ್ರಂಥಾಲಯದ ಆ್ಯಪ್ ಮಾಡಲು ಕೂತವರು ಮೊದಲು ಬರೆಯುವ ಯೂಸರ್ ಸ್ಟೋರಿ, ಅಂದರೆ ಬಳಸುವವರ ಬೇಡಿಕೆಯನ್ನು ಅವರದೇ ಮಾತಿನಲ್ಲಿ ಹೇಳುವ ಪುಟ್ಟ ಸಾಲು, ಎಷ್ಟೋ ಸಲ ಹೀಗಿರುತ್ತದೆ. ಯಾರಿಗೆ ಬೇಕು, ಏನು ಬೇಕು, ಯಾಕೆ ಬೇಕು ಅನ್ನುವ ಈ ಅಚ್ಚು 2001ರ ಸುಮಾರಿಗೆ ಇಂಗ್ಲೆಂಡಿನ ಕನೆಕ್ಸ್ಟ್ರಾ ಕಂಪನಿಯಲ್ಲಿ ಶುರುವಾಯಿತು. ಮೇಲಿನ ಸಾಲಿನಲ್ಲಿ ಮೂರೂ ಇವೆ. ಆದರೆ 'ಯಾಕೆ' ಅನ್ನುವ ಜಾಗದಲ್ಲಿ 'ಏನು' ಮತ್ತೆ ಬಂದು ಕೂತಿದೆ. 'ಬಳಕೆದಾರ' ಯಾರೆಂದು ಗೊತ್ತಿಲ್ಲದಿದ್ದರೆ ಅವರಿಗೆ ಕಾರಣ ಎಲ್ಲಿಂದ ತರೋದು?

ಅದಕ್ಕೇ ಪರ್ಸೋನಾ ಬೇಕು. ನಿಜವಾದ ಓದುಗರನ್ನು ನೋಡಿ, ಮಾತಾಡಿಸಿ, ಅವರಲ್ಲಿ ಮತ್ತೆ ಮತ್ತೆ ಕಂಡದ್ದನ್ನು ಸೇರಿಸಿ ಕಟ್ಟಿದ ಒಂದು ಪಾತ್ರ ಅದು. ನಮ್ಮ ಪಾತ್ರದ ಹೆಸರು ಸರೋಜಮ್ಮ ಅಂತಿಟ್ಟುಕೊಳ್ಳಿ. 68 ವರ್ಷ, ನಿವೃತ್ತ ಟೀಚರ್. ವಾರಕ್ಕೊಂದು ಕಾದಂಬರಿ ಓದುತ್ತಾರೆ. ಗ್ರಂಥಾಲಯಕ್ಕೆ ಬಸ್ಸಿನಲ್ಲಿ ಹೋಗಬೇಕು, ಮಂಡಿ ನೋವು ಬೇರೆ. ಈಗ ಸ್ಟೋರಿ ಹೀಗಾಗುತ್ತದೆ:

"ಸರೋಜಮ್ಮನಾಗಿ ನನಗೆ ಮನೆಯಿಂದ ಹೊರಡುವ ಮೊದಲೇ ಪುಸ್ತಕ ಕಪಾಟಿನಲ್ಲಿದೆಯಾ ಅಂತ ಗೊತ್ತಾಗಬೇಕು, ಸುಮ್ನೆ ಹೋಗಿ ಬರಿಗೈಯಲ್ಲಿ ವಾಪಸ್ ಬರಬಾರದು."

ಇದನ್ನು ಓದಿದ ಕೂಡಲೇ ತಂಡದಲ್ಲಿ ಪ್ರಶ್ನೆಗಳು ಏಳುತ್ತವೆ. ಬೇರೆಯವರು ಕಾದಿರಿಸಿದ ಪ್ರತಿ ಕಪಾಟಿನಲ್ಲೇ ಇದ್ದರೆ ಅದನ್ನು 'ಇದೆ' ಅಂತ ತೋರಿಸಬೇಕಾ? ಬೇಡ, ಅದು ಸರೋಜಮ್ಮನಿಗೆ ಸಿಗುವುದಿಲ್ಲ. ಅವರು ಬಸ್ಸಿನಲ್ಲಿರುವಾಗ ಇನ್ನೊಬ್ಬರು ಪುಸ್ತಕ ತಗೊಂಡು ಹೋದರೆ? ಹಾಗಾದರೆ 'ಇದೆ' ಅಂದರೆ ಸಾಲದು, ಆ ದಿನದ ಮಟ್ಟಿಗೆ ಎತ್ತಿಡಿಸುವ ದಾರಿಯೂ ಬೇಕು. ಅದಕ್ಕೆ ಇನ್ನೊಂದು ಸ್ಟೋರಿ ಬರೆಯಬೇಕು. ಹೀಗೆ ಒಪ್ಪಿಕೊಂಡದ್ದನ್ನೆಲ್ಲ ಸ್ಟೋರಿಯ ಕೆಳಗೆ ಪರೀಕ್ಷಿಸಲು ಬರುವಂತೆ ಬರೆದಿಡುತ್ತಾರೆ: "ಇರುವ ಒಂದೇ ಪ್ರತಿಯನ್ನು ಬೇರೆಯವರು ಕಾದಿರಿಸಿದ್ದಾರೆ. ಸರೋಜಮ್ಮ ಹುಡುಕಿದಾಗ 'ಈಗ ಸಿಗುವುದಿಲ್ಲ' ಅಂತ ಕಾಣಬೇಕು."

ಇನ್ನೊಂದು ಪಾತ್ರ ಮಂಜುನಾಥ, ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನೂ ಹುಡುಕುತ್ತಾನೆ. ಆದರೆ ಅವನಿಗೆ ಬೇಕಾದ ದಪ್ಪ ಪುಸ್ತಕಗಳು ಜಾಸ್ತಿ ಅಲ್ಲೇ ಕೂತು ಓದುವಂಥವು. ಮನೆಗೆ ಕೊಡುವ ಪುಸ್ತಕ ಯಾವುದು, ಕೊಡದ್ದು ಯಾವುದು ಅನ್ನುವುದು ಅವನಿಗೆ ಮೊದಲೇ ತಿಳಿಯಬೇಕು. ಹುಡುಕುವ ಪುಟ ಒಂದೇ, ಸ್ಟೋರಿ ಬೇರೆ.

ಪರ್ಸೋನಾ ಸುಮ್ನೆ ಅಲಂಕಾರಕ್ಕೆ ಬಂದಿದೆಯಾ ಅಂತ ತಿಳಿಯಲು ನಾನು ಒಂದು ಕೆಲಸ ಮಾಡುತ್ತೇನೆ. ಸ್ಟೋರಿಯಲ್ಲಿ ಸರೋಜಮ್ಮನ ಹೆಸರು ತೆಗೆದು ಮಂಜುನಾಥನ ಹೆಸರು ಹಾಕಿ ಓದುತ್ತೇನೆ. ಏನೂ ವ್ಯತ್ಯಾಸ ಆಗದಿದ್ದರೆ ಆ ಸ್ಟೋರಿಯಲ್ಲಿ ಇಬ್ಬರೂ ಇಲ್ಲ. ಅವರ ಇಷ್ಟದ ಬಣ್ಣ, ತಿಂಡಿ ಇವೆಲ್ಲ ಬರೆದಿಟ್ಟರೂ ಪ್ರಯೋಜನವಿಲ್ಲ. ಮಂಡಿ ನೋವು ಬೇಕು, ಯಾಕೆಂದರೆ ಅದು ಆ್ಯಪ್ ಹೇಗಿರಬೇಕು ಅನ್ನುವುದನ್ನೇ ಬದಲಿಸುತ್ತದೆ.

ಇಂಥ ವಿವರ ಆಫೀಸಿನಲ್ಲಿ ಕೂತರೆ ಸಿಗುವುದಿಲ್ಲ. ಪುಸ್ತಕ ಕೊಡುವ ಕೌಂಟರ್ ಪಕ್ಕ ಒಂದು ಬೆಳಿಗ್ಗೆ ಕೂತು, "ಇಲ್ಲ ಅಮ್ಮ, ನಿನ್ನೆ ತಾನೇ ಹೋಯ್ತು" ಅನ್ನುವ ಮಾತು ಎಷ್ಟು ಸಲ ಕೇಳಿಸುತ್ತದೆ ಅಂತ ಎಣಿಸಬೇಕು.