ಮಾರ್ಚ್ ಸಂಬಳ ಯಾವ ವರ್ಷದ ಖರ್ಚು?

ಗಲ್ಲಾಪೆಟ್ಟಿಗೆಯಲ್ಲಿ ಉಳಿದದ್ದೇ ಲಾಭ ಅಂತ ನಂಬಿದವರು ಈಗಲೂ ಬಹಳ ಜನ ಇದ್ದಾರೆ. ವರ್ಷಗಟ್ಟಲೆ ಅಂಗಡಿ ನಡೆಸಿದವರೂ ಹಾಗೇ ಹೇಳುತ್ತಾರೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಸಿಗುವುದು ಕೈಯಲ್ಲಿರುವ ದುಡ್ಡು. ಲಾಭ ಎಷ್ಟು ಅಂತ ತಿಳಿಯಬೇಕಾದರೆ ಮಾರ್ಚ್ 31ರಂದು ಇನ್ನೂ ಸ್ವಲ್ಪ ಕೆಲಸ ಇದೆ.

ಒಂದು ಬೇಕರಿ ತೆಗೆದುಕೊಳ್ಳೋಣ. ಇಬ್ಬರು ಪಾಲುದಾರರು, ಸಮಪಾಲು. 2024ರ ಏಪ್ರಿಲ್ 1ಕ್ಕೆ ಶುರುವಾಯಿತು. 2025ರ ಮಾರ್ಚ್ 31ಕ್ಕೆ ಒಬ್ಬರು ತಮ್ಮ ಪಾಲಿನ ಲಾಭ ತೆಗೆದುಕೊಂಡು ಹೊರಗೆ ಹೋಗುತ್ತಿದ್ದಾರೆ. ವರ್ಷದ ಮಾರಾಟ 18,00,000 ರೂಪಾಯಿ, ಎಲ್ಲವೂ ನಗದು. ಪುಸ್ತಕದಲ್ಲಿ ಬರೆದ ಖರ್ಚು 14,40,000. ಸ್ಟಾಕ್, ಸವಕಳಿ ಎಲ್ಲ ಸರಿಯಾಗಿ ಬಂದಿದೆ ಎಂದಿಟ್ಟುಕೊಳ್ಳಿ. ಹಾಗಾದರೆ ಲಾಭ 3,60,000, ತಲಾ 1,80,000. ಎದ್ದು ಹೋಗಬಹುದು ಅಲ್ವಾ?

ಸ್ವಲ್ಪ ತಾಳಿ. ಸಂಬಳದ ಖಾತೆ ತೆರೆದು ನೋಡಿ. ತಿಂಗಳಿಗೆ 60,000ದಂತೆ ಅಲ್ಲಿ 11 ಸಾಲುಗಳಿವೆ. ಈ ಬೇಕರಿಯಲ್ಲಿ ಸಂಬಳ ಕೊಡುವುದು ಮುಂದಿನ ತಿಂಗಳ 5ಕ್ಕೆ. ಹಾಗಾಗಿ ಮಾರ್ಚ್ ಸಂಬಳ ಪುಸ್ತಕಕ್ಕೆ ಬಂದೇ ಇಲ್ಲ. ಆದರೆ ಮಾರ್ಚ್ ತಿಂಗಳಿಡೀ ಹುಡುಗರು ಹಿಟ್ಟು ನಾದಿದ್ದಾರೆ, ಆ ಬ್ರೆಡ್ಡು ಮಾರಾಟವಾಗಿದೆ, ಅದರ ದುಡ್ಡು 18 ಲಕ್ಷದಲ್ಲಿ ಸೇರಿದೆ. ಮನೆಯಲ್ಲಿ ಮಾರ್ಚ್ ತಿಂಗಳ ಹಾಲು ಕುಡಿದು, ಹಾಲಿನವರಿಗೆ ಏಪ್ರಿಲ್ 2ಕ್ಕೆ ದುಡ್ಡು ಕೊಟ್ಟರೆ ಅದು ಏಪ್ರಿಲ್ ಹಾಲಾಗುತ್ತದೆಯೇ? ದುಡಿಮೆ ಯಾವ ವರ್ಷದ್ದೋ ಖರ್ಚೂ ಆ ವರ್ಷದ್ದೇ. ಪಾವತಿ ಯಾವತ್ತಾದರೂ ಆಗಲಿ.

ಆದ್ದರಿಂದ ಮಾರ್ಚ್ 31ರ ತಾರೀಕಿಗೆ ಒಂದು ಎಂಟ್ರಿ ಹಾಕುತ್ತಾರೆ. ಸಂಬಳದ ಖಾತೆಗೆ 60,000 ಡೆಬಿಟ್, ಕೊಡಬೇಕಾದ ಸಂಬಳಕ್ಕೆ 60,000 ಕ್ರೆಡಿಟ್. ನನಗೆ ತುಂಬ ಇಷ್ಟವಾಗುವುದು ಈ ಎಂಟ್ರಿಯ ಎರಡು ಕಾಲುಗಳು. ಒಂದು ಕಾಲು ಲಾಭ-ನಷ್ಟದ ಖಾತೆಯಲ್ಲಿ ಊರಿ ಈ ವರ್ಷದ ಖರ್ಚನ್ನು ಪೂರ್ತಿ ಮಾಡುತ್ತದೆ. ಇನ್ನೊಂದು ಬ್ಯಾಲೆನ್ಸ್ ಶೀಟಿನಲ್ಲಿ ನಿಂತು "ಇಷ್ಟು ಸಾಲ ತೀರಿಸೋದು ಬಾಕಿ ಇದೆ" ಎಂದು ಹೇಳುತ್ತದೆ. ನಗದು ಒಂದು ಪೈಸೆಯೂ ಅಲುಗಾಡುವುದಿಲ್ಲ.

ಸಂಬಳದ ಮೊತ್ತವಾದರೂ ಗೊತ್ತಿತ್ತು. ಕರೆಂಟಿನದು ಹಾಗಲ್ಲ. ಮೀಟರ್ ರೀಡಿಂಗ್ ಆದದ್ದು ಮಾರ್ಚ್ 18ಕ್ಕೆ. 28 ದಿನಕ್ಕೆ 8,400 ರೂಪಾಯಿ ಬಿಲ್ ಬಂತು, 28ನೇ ತಾರೀಕು ಕಟ್ಟಿದ್ದೂ ಆಯಿತು. ಆದರೆ 19ರಿಂದ 31ರವರೆಗೆ ಓವನ್ ಉರಿದಿದೆ, ಅದಕ್ಕೆ ಬಿಲ್ಲೇ ಇಲ್ಲ. ಬಿಲ್ ಇಲ್ಲ ಅಂತ ಬಿಡುವ ಹಾಗಿಲ್ಲ. ದಿನಕ್ಕೆ 300 ರೂಪಾಯಿ, 13 ದಿನಕ್ಕೆ 3,900 ಎಂದು ಅಂದಾಜು ಬರೆಯಬೇಕು. ನಿಜವಾದ ಬಿಲ್ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಆ ವ್ಯತ್ಯಾಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಆವತ್ತು ಕೈಯಲ್ಲಿದ್ದ ಮಾಹಿತಿಗೆ ತಕ್ಕ ಅಂದಾಜಾಗಿದ್ದರೆ ಹಳೆಯ ಪುಸ್ತಕ ತಿದ್ದಬೇಕಿಲ್ಲ.

ಈಗ ಉಲ್ಟಾ ಕಡೆ. ಜನವರಿ 1ಕ್ಕೆ ಒಂದು ವರ್ಷದ ವಿಮೆಗೆ 24,000 ಕಟ್ಟಿದ್ದಾರೆ. ಅಷ್ಟನ್ನೂ ಖರ್ಚು ಅಂತ ಬರೆದಿದ್ದಾರೆ. ಮಾರ್ಚ್ 31ಕ್ಕೆ ಮುಗಿದಿರುವುದು ಮೂರು ತಿಂಗಳ ರಕ್ಷಣೆ ಮಾತ್ರ, ಅಂದರೆ 6,000. ಉಳಿದ 18,000 ಮುಂಗಡ ಖರ್ಚು. ಇದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ. ಖರ್ಚು ಹೇಗೆ ಆಸ್ತಿಯಾಗುತ್ತದೆ ಎಂದು ವಿದ್ಯಾರ್ಥಿಗಳು ತಬ್ಬಿಬ್ಬಾಗುತ್ತಾರೆ. ಇನ್ನೂ ಒಂಬತ್ತು ತಿಂಗಳ ರಕ್ಷಣೆ ನಮಗೆ ಬರಬೇಕಾಗಿದೆ, ಅದಕ್ಕೆ ದುಡ್ಡು ಆಗಲೇ ಕೊಟ್ಟಾಗಿದೆ. ಆ ಹಕ್ಕೇ ಆಸ್ತಿ.

ಇದನ್ನು ಮೊನ್ನೆ ಮೊನ್ನೆ ಯಾರೋ ಆಡಿಟರು ಹುಟ್ಟುಹಾಕಿದ್ದು ಎಂದುಕೊಳ್ಳಬೇಡಿ. ಫ್ಲಾರೆನ್ಸಿನ ಜೊವಾನಿ ಫರೋಲ್ಫಿ ಎಂಬ ವ್ಯಾಪಾರಿ ಸಂಸ್ಥೆಗೆ ಈಗಿನ ಫ್ರಾನ್ಸ್‌ನ ಸಲೋನ್ ಊರಿನಲ್ಲಿ ಒಂದು ಶಾಖೆ ಇತ್ತು. ಅದರ 1299-1300ರ ಲೆಕ್ಕದ ಪುಸ್ತಕದ ಒಂದಷ್ಟು ಭಾಗ ಇವತ್ತಿಗೂ ಉಳಿದಿದೆ. ಬರೆದವನು ಅಮಾಟಿನೊ ಮನೂಚ್ಚಿ. ನಾಲ್ಕು ವರ್ಷದ ಬಾಡಿಗೆಗೆ 16 ಪೌಂಡ್ ಒಟ್ಟಿಗೇ ಮುಂಗಡ ಕೊಟ್ಟಿದ್ದರು. ಮನೂಚ್ಚಿ ವರ್ಷದ ಕೊನೆಗೆ 4 ಪೌಂಡ್ ಮಾತ್ರ ಖರ್ಚಿಗೆ ಹಾಕಿ, 12 ಪೌಂಡನ್ನು ಮುಂದಕ್ಕೆ ಒಯ್ದ. ನಮ್ಮ ಬೇಕರಿಯ ವಿಮೆಗೆ ಮಾಡಿದ್ದೂ ಇದನ್ನೇ. ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ ಲೂಕಾ ಪಚೋಲಿಯ ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ, ಅಂದರೆ ಸುಮಾರು ಎರಡು ಶತಮಾನದ ನಂತರ! ಪಚೋಲಿ ಪ್ರತಿ ವರ್ಷ ಪುಸ್ತಕ ಮುಗಿಸಿ, ಅದರಲ್ಲೂ ಪಾಲುದಾರಿಕೆ ಇದ್ದಾಗ, ಎಂದು ಸಲಹೆ ಕೊಟ್ಟ. ಒಂದು ಹಡಗು ಹೋಗಿ ಬಂದ ಮೇಲೆ ಲೆಕ್ಕ ಹಾಕುವವನಿಗೆ ಈ ತಲೆನೋವು ಕಡಿಮೆ. ಎಲ್ಲವೂ ತೀರಿದ ಮೇಲೆ ನಗದೇ ಉತ್ತರ ಹೇಳುತ್ತದೆ. ನಡೆಯುತ್ತಿರುವ ವ್ಯಾಪಾರವನ್ನು ನಡುವೆ ಕತ್ತರಿಸಿ "ಈ ವರ್ಷ ಎಷ್ಟು?" ಎಂದು ಕೇಳಿದಾಗಲೇ ಕತ್ತರಿಯ ಎರಡೂ ಬದಿ ಸರಿಮಾಡಬೇಕಾಗುತ್ತದೆ.

ಬೇಕರಿಗೆ ಬರೋಣ. ಖರ್ಚಿಗೆ 60,000 ಮತ್ತು 3,900 ಸೇರಿತು, 18,000 ಕಳೆಯಿತು. ಲಾಭ 3,14,100ಕ್ಕೆ ಇಳಿಯಿತು. ತಲಾ 1,57,050. ಹೊಂದಾಣಿಕೆ ಮಾಡದೆ ಬಿಟ್ಟಿದ್ದರೆ ಹೊರಟವರಿಗೆ 22,950 ಜಾಸ್ತಿ ಹೋಗುತ್ತಿತ್ತು. ಅದು ಉಳಿದ ಪಾಲುದಾರರ ಜೇಬಿನಿಂದ ಹೋದ ದುಡ್ಡು.

"ಮುಂದಿನ ವರ್ಷ ಸರಿಹೋಗುತ್ತೆ ಬಿಡಿ" ಎನ್ನುವವರಿಗೂ ಉತ್ತರ ಹೇಳಬೇಕು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಎರಡನೇ ವರ್ಷ ಎಲ್ಲವೂ ಹಾಗೇ ನಡೆದರೆ ಹಳೆಯ ಮಾರ್ಚ್ ಸಂಬಳ ಸೇರಿ 12 ಸಾಲು ಬರುತ್ತವೆ, ಹಳೆಯ 13 ದಿನದ ಕರೆಂಟೂ ಸೇರುತ್ತದೆ. ಲಾಭ 2,96,100 ಎಂದು ಸರಿಯಾಗಿಯೇ ತೋರುತ್ತದೆ. ಆದರೆ ಹೋಲಿಸಿ ನೋಡಿ. ಹೊಂದಾಣಿಕೆ ಇಲ್ಲದ ಪುಸ್ತಕದ ಪ್ರಕಾರ ಲಾಭ 63,900 ಬಿದ್ದಿದೆ. ನಿಜವಾಗಿ ಬಿದ್ದದ್ದು 18,000, ಅದೂ ವಿಮೆ ಈ ಸಲ ಮೂರು ತಿಂಗಳ ಬದಲು ಇಡೀ ವರ್ಷಕ್ಕೆ ಬಂದದ್ದರಿಂದ. ಸುಮ್ನೆ ಗಾಬರಿಯಾಗಿ ಒಬ್ಬ ಕೆಲಸದವನನ್ನು ತೆಗೆದುಹಾಕಿದರೆ ತಪ್ಪು ಯಾರದು? ಸಂಬಳ ಏರಿದ ವರ್ಷವಂತೂ ಹಳೆಯ ಮಾರ್ಚ್ ಹೊಸ ಮಾರ್ಚಿಗೆ ಸರಿದೂಗುವುದೇ ಇಲ್ಲ.

ಇನ್ನೊಂದು ಗುಂಡಿ ಏಪ್ರಿಲ್‌ನಲ್ಲಿದೆ. 5ನೇ ತಾರೀಕು 60,000 ಕೊಟ್ಟಾಗ ಅದನ್ನು ಮತ್ತೆ ಸಂಬಳದ ಖರ್ಚಿಗೆ ಹಾಕಿ, ವರ್ಷದ ಕೊನೆಗೆ ಹೊಸ ಮಾರ್ಚಿನ ಬಾಕಿಯನ್ನೂ ಬರೆದರೆ ಆ ವರ್ಷಕ್ಕೆ 13 ಸಂಬಳ! ಅದಕ್ಕೇ ಏಪ್ರಿಲ್ 1ಕ್ಕೆ ಹಿಂದಿನ ಎಂಟ್ರಿಯನ್ನು ತಿರುಗಿಸಿ ಹಾಕುತ್ತಾರೆ, ಅಥವಾ ಪಾವತಿಯನ್ನು ನೇರವಾಗಿ ಬಾಕಿ ಖಾತೆಗೆ ಹಾಕಿ ತೀರಿಸುತ್ತಾರೆ. ಸಂಬಳ, ಬಾಡಿಗೆ, ಕರೆಂಟು, ಫೋನು ಎಲ್ಲದರಲ್ಲೂ ಸಾಲು ಎಣಿಸಿ. 11 ಇದ್ದರೆ ಒಂದು ಬಿಟ್ಟುಹೋಗಿರಬಹುದು, 13 ಇದ್ದರೆ ಎರಡು ಸಲ ಬಂದಿರಬಹುದು. ಆಡಿಟರುಗಳು ಮಾರ್ಚಿನ ಪುಸ್ತಕ ಪರಿಶೀಲಿಸುವಾಗ ಏಪ್ರಿಲ್, ಮೇ ತಿಂಗಳ ವೋಚರ್ ಕೇಳುವುದೂ ಇದಕ್ಕೇ. ಬರೆಯದೆ ಬಿಟ್ಟ ಬಾಕಿ ಅಲ್ಲಿ ಪಾವತಿಯಾಗಿ ಸಿಕ್ಕಿಬೀಳುತ್ತದೆ.

ನಮ್ಮ ಕಡೆ ಅಂಗಡಿಗೆ ಕೊಡುವ ಅಡ್ವಾನ್ಸನ್ನು ಮಾತ್ರ ಈ ಮುಂಗಡದ ಜೊತೆ ಬೆರೆಸಬೇಡಿ. ಹತ್ತು ತಿಂಗಳ ಬಾಡಿಗೆಯಷ್ಟು ಠೇವಣಿ ಕೊಟ್ಟಿದ್ದರೆ ಖಾಲಿ ಮಾಡುವಾಗ ಅದು ವಾಪಸ್ ಬರಬೇಕು. ತಿಂಗಳು ಕಳೆದಂತೆ ಅದು ಕರಗುವುದಿಲ್ಲ, ಆದ್ದರಿಂದ ಒಂದು ತಿಂಗಳಿನದೂ ಖರ್ಚಿಗೆ ಹೋಗುವುದಿಲ್ಲ. ಮಾಲೀಕರು ಕೊನೆಗೆ ಪೇಂಟಿಂಗ್‌ಗೆಂದು ಒಂದಿಷ್ಟು ಹಿಡಿದುಕೊಂಡರೆ, ಆಗ ಅಷ್ಟು ಮಾತ್ರ ಖರ್ಚು.