ಶಕ್ತಿ ಸಮತೋಲನ: ಕ್ಯಾಲೊರಿ ಲೆಕ್ಕ ತಪ್ಪಲ್ಲ, ಆದರೂ ಕೈಕೊಡುವುದೇಕೆ?

“ಖರ್ಚಿಗಿಂತ ಹೆಚ್ಚು ತಿಂದರೆ ತೂಕ ಏರುತ್ತದೆ, ಕಡಿಮೆ ತಿಂದರೆ ಇಳಿಯುತ್ತದೆ, ಅಷ್ಟೇ” ಎನ್ನುವವರಿದ್ದಾರೆ. “ಲೆಕ್ಕ ಹಾಕಿ ಹಾಕಿ ಸಾಕಾಯಿತು, ತೂಕ ಮಾತ್ರ ಅಲ್ಲೇ ಇದೆ” ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜವೇ. ಶಕ್ತಿ ಸಮತೋಲನ ಎಂಬ ಪದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬಿಡಿಸಿ ನೋಡಿದರೆ ಇವರ ಜಗಳ ಅರ್ಧಕ್ಕರ್ಧ ಮುಗಿಯುತ್ತದೆ.

ಪದದ ಅರ್ಥ ಸರಳ. ಆಹಾರದಿಂದ ದೇಹಕ್ಕೆ ಬಂದ ಶಕ್ತಿ ಜಮಾ, ದೇಹ ಬಳಸಿದ ಶಕ್ತಿ ಖರ್ಚು. ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗಿ ಕೊಬ್ಬಿನ ರೂಪದಲ್ಲಿ ಸೇರುತ್ತದೆ ಅಥವಾ ಕರಗುತ್ತದೆ. ಇದನ್ನು ಅಳೆಯುವುದು ಕ್ಯಾಲೊರಿಯಲ್ಲಿ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಒಂದು ಕ್ಯಾಲೊರಿ (ವಿಜ್ಞಾನದವರು ಕಿಲೊಕ್ಯಾಲೊರಿ ಎನ್ನುವುದೂ ಇದನ್ನೇ). ಖರ್ಚು ಎಂದ ಕೂಡಲೇ ವ್ಯಾಯಾಮ ನೆನಪಾಗುತ್ತದೆ. ಆದರೆ ಹೆಚ್ಚಿನವರಲ್ಲಿ ಖರ್ಚಿನ ಶೇ. 60ರಿಂದ 70ರಷ್ಟು ಸುಮ್ಮನೆ ಮಲಗಿದ್ದರೂ ಆಗುವಂಥದ್ದು: ಹೃದಯ, ಮಿದುಳು, ಯಕೃತ್ತು ನಡೆಯಬೇಕಲ್ಲ. ತಿಂದದ್ದನ್ನು ಜೀರ್ಣಿಸಲು ಸುಮಾರು ಶೇ. 10 ಹೋಗುತ್ತದೆ. ಓಡಾಟ, ಕೆಲಸ, ವ್ಯಾಯಾಮ ಎಲ್ಲಕ್ಕೂ ಉಳಿದದ್ದು.

ಇಲ್ಲಿಯವರೆಗೆ ತಕರಾರಿಲ್ಲ. ಈ ಲೆಕ್ಕವನ್ನು ಭವಿಷ್ಯ ಹೇಳಲು ಬಳಸಿದಾಗ ತೊಡಕು ಶುರುವಾಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಒಬ್ಬರ ತೂಕ 90 ಕೆಜಿ, ದಿನದ ಖರ್ಚು 2600 ಕ್ಯಾಲೊರಿ, ತಿನ್ನುವುದೂ ಅಷ್ಟೇ. ಹಾಗಾಗಿ ತೂಕ ನಿಂತಲ್ಲೇ ನಿಂತಿದೆ. ಇವರು ಇಂದಿನಿಂದ 2100ಕ್ಕೆ ಇಳಿಸುತ್ತಾರೆ. ದಿನಕ್ಕೆ 500ರ ಕೊರತೆ. ಒಂದು ಕೆಜಿ ದೇಹದ ಕೊಬ್ಬಿಗೆ 7700 ಕ್ಯಾಲೊರಿ ಎಂಬ ಜನಪ್ರಿಯ ಸೂತ್ರವನ್ನು ಹಾಕಿದರೆ ವರ್ಷಕ್ಕೆ 23 ಕೆಜಿಗೂ ಹೆಚ್ಚು ಇಳಿಯಬೇಕು. ಎರಡು ವರ್ಷಕ್ಕೆ 47, ನಾಲ್ಕು ವರ್ಷಕ್ಕೆ ಮನುಷ್ಯನೇ ಮಾಯ! ಸೂತ್ರದಲ್ಲಿ ಏನೋ ಎಡವಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಕ್ಕಡಿ ಮೊದಲು ಹೇಳುವ ಕಥೆಯೇ ಬೇರೆ. ಮೊದಲ ವಾರವೇ ಎರಡು ಕೆಜಿ ಇಳಿದುಬಿಡಬಹುದು. ಏಳು ದಿನದ ಕೊರತೆ 3500 ಕ್ಯಾಲೊರಿ, ಅಂದರೆ ಅರ್ಧ ಕೆಜಿ ಕೊಬ್ಬೂ ಆಗದು. ಉಳಿದದ್ದು ಬಹುಪಾಲು ನೀರು. ದೇಹ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಈ ದಾಸ್ತಾನಿಗೆ ಕೈ ಹಾಕುತ್ತದೆ, ನೀರೂ ಜೊತೆಗೆ ಹೊರಟುಹೋಗುತ್ತದೆ. ಒಂದು ದಿನ ಹೊಟ್ಟೆ ತುಂಬ ಉಂಡು ಮರುದಿನ ತಕ್ಕಡಿ ಹತ್ತಿದಾಗ ಒಂದು ಕೆಜಿ ಏರಿ ಗಾಬರಿಯಾಗುವುದೂ ಹೆಚ್ಚಾಗಿ ಇದೇ ನೀರಿನ ಆಟ.

ನೀರಿನ ಸಂಭ್ರಮ ಮುಗಿದ ಮೇಲೆ ನಿಜವಾದ ಕಥೆ ಶುರುವಾಗುತ್ತದೆ. ಕಡಿಮೆ ತಿಂದದ್ದರಿಂದ ಜೀರ್ಣಕ್ರಿಯೆಯ ಖರ್ಚು ಮೊದಲ ದಿನವೇ ತಗ್ಗಿದೆ. ದೇಹ ಹಗುರಾದಂತೆ ಅದನ್ನು ಹೊತ್ತು ನಡೆಯುವ, ಸಾಕುವ ಖರ್ಚೂ ಇಳಿಯುತ್ತದೆ. ಗೊತ್ತಿಲ್ಲದೆಯೇ ಏಳುವುದು, ಓಡಾಡುವುದು ಕೂಡ ಕಡಿಮೆಯಾಗಬಹುದು. ಅಂದರೆ ಜಮಾ ಪುಟದಲ್ಲಿ ಒಂದು ಅಂಕಿ ತಿದ್ದಿದರೆ ಖರ್ಚಿನ ಪುಟದ ಅಂಕಿ ತಾನಾಗಿ ಬದಲಾಗುತ್ತದೆ. 7700ರ ಸೂತ್ರ ಮರೆತಿರುವುದು ಇದನ್ನೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಇದನ್ನೂ ಸೇರಿಸಿಕೊಂಡ ಗಣಿತದ ಮಾದರಿಯೊಂದನ್ನು ಪ್ರಕಟಿಸಿದರು. ಅದರ ಸಾರ ಇಷ್ಟು: ತಿನ್ನುವುದರಲ್ಲಿ ದಿನಕ್ಕೆ ಸುಮಾರು 24 ಕ್ಯಾಲೊರಿ ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಇಳಿಯುವುದು ಒಂದು ಕೆಜಿ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ ಬೇಕು, ಬಹುಪಾಲು ಪೂರ್ತಿಯಾಗಲು ಮೂರು ವರ್ಷ. ನಮ್ಮ 90 ಕೆಜಿಯವರಿಗೆ ಇದನ್ನು ಅನ್ವಯಿಸಿ ನೋಡಿ. 500ನ್ನು 24ರಿಂದ ಭಾಗಿಸಿದರೆ ಸುಮಾರು 21 ಕೆಜಿ. ಮೊದಲ ವರ್ಷಕ್ಕೆ ಸಿಗುವುದು ಹತ್ತರ ಆಸುಪಾಸು. ಹತ್ತು ಕೆಜಿ ಇಳಿದ ಹೊತ್ತಿಗೆ ಅವರ ಖರ್ಚು 2600ರಿಂದ 2360ಕ್ಕೆ ಬಂದಿರುತ್ತದೆ. 500ರ ಕೊರತೆ ಆಗಲೇ 260ಕ್ಕೆ ಕುಗ್ಗಿದೆ, ಅವರು ಒಂದು ತುತ್ತೂ ಹೆಚ್ಚು ತಿನ್ನದಿದ್ದರೂ.

ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಮಾದರಿಯ ಪ್ರಕಾರ ತೂಕ ಮೂರು ವರ್ಷ ನಿಧಾನವಾಗಿ ಇಳಿಯುತ್ತಲೇ ಇರಬೇಕು. ಬಹಳ ಜನರದ್ದು ಆರೆಂಟು ತಿಂಗಳಿಗೇ ನಿಂತುಬಿಡುತ್ತದೆ. ಏಕೆ? ನನಗೆ ತುಂಬ ಹಿಡಿಸಿದ ಉತ್ತರ ಬಂದದ್ದು ಒಂದು ಸಕ್ಕರೆ ಕಾಯಿಲೆ ಔಷಧದಿಂದ. ಕ್ಯಾನಗ್ಲಿಫ್ಲೋಜಿನ್ ಎಂಬ ಈ ಮಾತ್ರೆ ರಕ್ತದಲ್ಲಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ದಿನಕ್ಕೆ ಸುಮಾರು 360 ಕ್ಯಾಲೊರಿ ಹೀಗೆ ಸೋರಿಹೋಗುತ್ತದೆ, ತೆಗೆದುಕೊಳ್ಳುವವರಿಗೆ ಅದರ ಅರಿವೇ ಇರುವುದಿಲ್ಲ. ಪಥ್ಯದ ಹಟವಿಲ್ಲ, ಕ್ಯಾಲೊರಿ ಎಣಿಕೆಯಿಲ್ಲ. ಇದಕ್ಕಿಂತ ಶುದ್ಧ ಪ್ರಯೋಗ ಬೇಕೇ? ಒಂದು ವರ್ಷದ ಅಧ್ಯಯನದಲ್ಲಿ ಅವರ ತೂಕ ಸರಾಸರಿ ನಾಲ್ಕು ಕೆಜಿಯಷ್ಟು ಇಳಿದು ನಿಂತಿತು. ಅದೇ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ಹಾಕಿ ನೋಡಿದಾಗ ಕಂಡದ್ದು: ಇಳಿದ ಪ್ರತಿ ಕೆಜಿಗೆ ಖರ್ಚು 20ರಿಂದ 30 ಕ್ಯಾಲೊರಿ ಕುಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಸೋರಿದ್ದನ್ನು ಅವರು ತಮಗೇ ತಿಳಿಯದಂತೆ ತಿಂದು ತುಂಬಿಸಿಕೊಂಡಿದ್ದರು.

“ಚಯಾಪಚಯ ನಿಧಾನವಾಯಿತು” ಎಂದು ನಾವು ದೂರುವುದರಲ್ಲಿ ಸತ್ಯಾಂಶವಿದೆ. ಆದರೆ ಹಸಿವಿನ ಎಳೆತ ಅದಕ್ಕಿಂತ ಮೂರ್ನಾಲ್ಕು ಪಟ್ಟು ಬಲವಾದದ್ದು. ಹಾಗಾಗಿ “ಕಡಿಮೆ ತಿನ್ನಿ” ಎಂಬ ಉಪದೇಶ ಗಣಿತದಲ್ಲಿ ಸರಿ, ಉಪಾಯವಾಗಿ ಪೊಳ್ಳು.

ಸ್ವಂತ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ತಿಳಿಯಬೇಕೆನ್ನುವವರಿಗೆ ಒಂದು ದಾರಿಯಿದೆ. ದಿನಾ ಬೆಳಿಗ್ಗೆ ಏನೂ ತಿನ್ನುವ ಮೊದಲು ತೂಕ ಬರೆದಿಡಿ, ಒಂದೊಂದು ದಿನದ ಅಂಕಿಯನ್ನು ನಂಬದೆ ವಾರದ ಸರಾಸರಿ ತೆಗೆಯಿರಿ. ನೀರಿನ ಏರಿಳಿತದ ಮೊದಲ ಕೆಲವು ವಾರಗಳನ್ನು ಬಿಟ್ಟುಬಿಡಿ. ಆಮೇಲಿನ 28 ದಿನಗಳಲ್ಲಿ ಸರಾಸರಿ 84.0ರಿಂದ 83.3 ಕೆಜಿಗೆ ಬಂತು ಎನ್ನಿ. 0.7ನ್ನು 7700ರಿಂದ ಗುಣಿಸಿ 28ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 190 ಕ್ಯಾಲೊರಿಯ ಕೊರತೆ. ಹಿಂದೆ ನಡೆದದ್ದನ್ನು ಅಳೆಯಲು ಹಳೆಯ ಸೂತ್ರ ಪರವಾಗಿಲ್ಲ, ಮುಂದಿನದನ್ನು ಹೇಳಲು ಹೋದಾಗಲೇ ಅದು ಎಡವುವುದು. ನಿಮ್ಮ ಪುಸ್ತಕ 400ರ ಕೊರತೆ ತೋರಿಸುತ್ತಿದ್ದರೆ ಎಲ್ಲೋ 210 ಕಾಣೆಯಾಗಿದೆ. ಅದು ಬರೆಯಲು ಮರೆತ ತಿಂಡಿಯೋ, ಕುಗ್ಗಿದ ಖರ್ಚೋ ಎಂದು ತಕ್ಕಡಿ ಹೇಳಲಾರದು. ಅದಕ್ಕೆ ಕಾಣುವುದು ಎರಡರ ವ್ಯತ್ಯಾಸ ಮಾತ್ರ. ಬೇರ್ಪಡಿಸಿ ನೋಡಲು ಸಂಶೋಧಕರು ಭಾರ ಹೈಡ್ರೋಜನ್, ಭಾರ ಆಕ್ಸಿಜನ್ ಬೆರೆತ ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ತೆಗೆದು, ಎರಡೂ ಯಾವ ವೇಗದಲ್ಲಿ ದೇಹ ಬಿಟ್ಟುಹೋದವು ಎಂಬುದರಿಂದ ಖರ್ಚನ್ನು ಕಂಡುಹಿಡಿಯುತ್ತಾರೆ. ಕೈಗಡಿಯಾರದ ಪರದೆಯಲ್ಲಿ ಕಾಣುವ ಕ್ಯಾಲೊರಿ ಅಂಥ ಅಳತೆಯಲ್ಲ, ಅದು ಅಂದಾಜು.