xⁿ ಮತ್ತು 1ರ ಎಡಮಗ್ಗುಲು

ಉಡುಪಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರಿಯಲ್ ಅನಾಲಿಸಿಸ್ ಕಲಿಸುವ ನನಗೆ, ಫಲನಗಳ ಅನುಕ್ರಮದ ಅಧ್ಯಾಯ ಮುಗಿದು ಟೆಸ್ಟ್ ನಡೆದಾಗಲೆಲ್ಲ ಒಂದೇ ಬಗೆಯ ತಪ್ಪು ಉತ್ತರ ಪತ್ರಿಕೆಗಳಲ್ಲಿ ಕಾಣಸಿಗುತ್ತದೆ. [0, 1] ಎಂಬ ಸಂವೃತ ಅಂತರದ ಮೇಲೆ fₙ(x) = xⁿ ಎಂದು ಕೊಟ್ಟರೆ, x ಒಂದಕ್ಕಿಂತ ಕಡಿಮೆಯಿದ್ದಾಗ ಮಿತಿ 0 ಎಂದೂ x = 1 ಆದಾಗ ಮಿತಿ 1 ಎಂದೂ ಬಹುತೇಕ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಅದರ ಕೆಳಗೆ, "ಪ್ರತಿಯೊಂದು xಗೂ N ಸಿಗುವುದರಿಂದ ಅಭಿಸರಣ ಏಕರೂಪವಾಗಿದೆ" ಎಂಬ ಸಾಲು ಬರುತ್ತದೆ. ಕಳೆದ ವರ್ಷ ಕುಂದಾಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಆ ಸಾಲಿನ ಕೆಳಗೆ ನಾನು ಎಳೆದಿದ್ದ ಕೆಂಪು ಗೆರೆಯನ್ನು ತೋರಿಸಿ, "ಸರ್, ಎಲ್ಲ xಗೂ N ಸಿಗ್ತದಲ್ಲ, ಮತ್ತೆ ತಪ್ಪು ಎಲ್ಲಿ ಆದದ್ದು?" ಎಂದು ಕೇಳಿದಳು. ಅವಳಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಿತಿಯಿಂದ ಆಗಬಹುದಾದ ವ್ಯತ್ಯಾಸ 0.1ಕ್ಕಿಂತ ಕಡಿಮೆ ಇರಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳೋಣ. x = 0.5 ಆದರೆ n = 4ರಿಂದಲೇ xⁿ ಈ ಅಳತೆಯೊಳಗೆ ಬರುತ್ತದೆ; ಈ 4 ಎಂಬುದೇ ಆ xಗೆ ಸಿಗುವ N. x = 0.9 ಆದರೆ 22ರವರೆಗೆ ಕಾಯಬೇಕು, 0.99ಕ್ಕೆ 230 ಬೇಕು, 0.999ಕ್ಕೆ 2302 ಬೇಕು. ಪ್ರತಿ ಬಿಂದುವಿಗೂ ಒಂದು N ಇದೆ ಎನ್ನುವುದು ನಿಜ, ಮತ್ತು ಅಷ್ಟಿದ್ದರೆ ಬಿಂದುಶಃ ಅಭಿಸರಣಕ್ಕೆ, ಅಂದರೆ ತರಗತಿಯಲ್ಲಿ ನಾವು ಪಾಯಿಂಟ್‌ವೈಸ್ ಎನ್ನುವುದಕ್ಕೆ, ಸಾಕು. ಏಕರೂಪ ಅಭಿಸರಣ ಅಥವಾ ಯೂನಿಫಾರ್ಮ್ ಕನ್ವರ್ಜೆನ್ಸ್ ಕೇಳುವುದು ಬೇರೆಯದನ್ನು: x ಯಾವುದೆಂದು ಹೇಳುವ ಮೊದಲೇ ಒಂದು Nಅನ್ನು ಆರಿಸಿಡಬೇಕು, ಮತ್ತು ಆ ಒಂದೇ N ಅಂತರದ ಎಲ್ಲ ಬಿಂದುಗಳಿಗೂ ಸಾಲಬೇಕು. ಮೇಲಿನ ಸಂಖ್ಯೆಗಳು x ಒಂದರ ಹತ್ತಿರ ಹೋದ ಹಾಗೆ ಮೇರೆಯಿಲ್ಲದೆ ಬೆಳೆಯುವುದರಿಂದ ಅಂತಹ N ಇಲ್ಲ. "ಪ್ರತಿ xಗೂ ಒಂದು N ಇದೆ" ಮತ್ತು "ಒಂದು N ಇದೆ, ಅದು ಪ್ರತಿ xಗೂ ಆಗುತ್ತದೆ" ಎಂಬ ಎರಡು ವಾಕ್ಯಗಳಲ್ಲಿ ಪದಗಳು ಬಹುಮಟ್ಟಿಗೆ ಅವೇ ಆದರೂ ಕ್ರಮ ಬದಲಾಗಿದೆ, ಕ್ರಮದೊಂದಿಗೆ ಅರ್ಥವೂ ಬದಲಾಗಿದೆ.

ಇದನ್ನು ನಾನು ಗ್ರಾಫ್ ಹಾಳೆಯಲ್ಲಿ ಬಿಡಿಸಿ ತೋರಿಸುತ್ತೇನೆ. ಒಂದು ಮಾನಕ್ಕೆ 10 ಸೆಂಟಿಮೀಟರ್ ಇಟ್ಟುಕೊಂಡರೆ, 0.1 ಎತ್ತರದ ಪಟ್ಟಿ x ಅಕ್ಷದ ಮೇಲೆ ಒಂದು ಸೆಂಟಿಮೀಟರ್ ಅಗಲಕ್ಕೆ ಬರುತ್ತದೆ. x²⁰ರ ಗೆರೆ 8.9 ಸೆಂಟಿಮೀಟರಿನವರೆಗೆ ಪಟ್ಟಿಯೊಳಗೇ ಸಾಗಿ, ಆಮೇಲೆ ಮೇಲಕ್ಕೇರಿ ಮೂಲೆಯನ್ನು ತಲುಪುತ್ತದೆ. x¹⁰⁰ರ ಗೆರೆ ಪಟ್ಟಿಯನ್ನು ದಾಟುವುದು ಬಲ ಅಂಚಿಗೆ ಸುಮಾರು 2.3 ಮಿಲಿಮೀಟರ್ ಇರುವಾಗ. x¹⁰⁰⁰ದ ಗೆರೆ ದಾಟುವುದು ಅಂಚಿಗೆ 0.23 ಮಿಲಿಮೀಟರ್ ಇರುವಾಗ, ಅದು ಸೀಸದ ಕಡ್ಡಿಯ ಗೆರೆಯ ದಪ್ಪಕ್ಕಿಂತಲೂ ಕಡಿಮೆ. ವಿದ್ಯಾರ್ಥಿಗಳು ಮೋಸಹೋಗುವುದು ಇಲ್ಲೇ: ಹಾಳೆಯ ಮೇಲೆ ಗೆರೆ ಪೂರ್ತಿ ಅಕ್ಷಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಕಿರಿದಾಗುತ್ತಿರುವುದು ತಪ್ಪಿಸಿಕೊಳ್ಳುವ ಜಾಗದ ಅಗಲ ಮಾತ್ರ, ತಪ್ಪಿಸಿಕೊಂಡ ಎತ್ತರ ಒಂದಿಷ್ಟೂ ಕಡಿಮೆಯಾಗಿಲ್ಲ. n ಎಷ್ಟೇ ಇರಲಿ, 1/2ರ n‑ನೆಯ ಮೂಲವನ್ನು x ಎಂದು ತೆಗೆದುಕೊಂಡರೆ xⁿ ಸರಿಯಾಗಿ 1/2 ಆಗುತ್ತದೆ; n = 100 ಆದಾಗ ಆ ಬಿಂದು ಸುಮಾರು 0.9931ರಲ್ಲಿದೆ. ಏಕರೂಪತೆಯನ್ನು ಅಳೆಯಬೇಕಾದದ್ದು ಎತ್ತರದಿಂದ.

ಇನ್ನು ಅವಿಚ್ಛಿನ್ನತೆಯ ವಿಷಯ. ಅವಿಚ್ಛಿನ್ನ ಫಲನಗಳ ಅನುಕ್ರಮವೊಂದು ಏಕರೂಪವಾಗಿ ಅಭಿಸರಿಸಿದರೆ ಮಿತಿಯೂ ಅವಿಚ್ಛಿನ್ನ ಎಂಬುದು ಪ್ರಮೇಯ. xⁿಗಳೆಲ್ಲ ಅವಿಚ್ಛಿನ್ನ, ಆದರೆ ಅವುಗಳ ಮಿತಿ f 1ರವರೆಗೆ 0 ಆಗಿದ್ದು 1ರಲ್ಲಿ ಥಟ್ಟನೆ 1ಕ್ಕೆ ಜಿಗಿಯುತ್ತದೆ. ಹಾಗಾದರೆ ಪ್ರಮೇಯದ ಸಾಧನೆ ಯಾವ ಹೆಜ್ಜೆಯಲ್ಲಿ ಮುರಿಯಿತು ಎಂದು ಕೇಳಬೇಕು. f(x) ಮತ್ತು f(1)ರ ವ್ಯತ್ಯಾಸವನ್ನು ಸಾಧನೆಯು ಮೂರು ತುಂಡು ಮಾಡುತ್ತದೆ:

```
|f(x) − f(1)| ≤ |f(x) − fₙ(x)| + |fₙ(x) − fₙ(1)| + |fₙ(1) − f(1)|
```

ಮೊದಲೇ ಗೊತ್ತುಮಾಡಿಕೊಂಡ ವ್ಯತ್ಯಾಸವನ್ನು ε ಎಂದು ಕರೆದು, ಮೂರನ್ನೂ ε/3ಕ್ಕಿಂತ ಕಡಿಮೆ ಮಾಡಿದರೆ ಕೆಲಸ ಮುಗಿಯಿತು. ನಮ್ಮ ಉದಾಹರಣೆಯಲ್ಲಿ ಮೂರನೆಯದು ಸೊನ್ನೆ, ಅದರ ಚಿಂತೆಯಿಲ್ಲ. x ಒಂದಕ್ಕಿಂತ ಕಡಿಮೆಯಿರುವಾಗ ಮೊದಲನೆಯದು xⁿ, ಎರಡನೆಯದು 1 − xⁿ. ಎರಡನ್ನೂ ಕೂಡಿಸಿ ನೋಡಿ: ಯಾವ n, ಯಾವ x ತೆಗೆದುಕೊಂಡರೂ ಮೊತ್ತ 1. ಎರಡನೆಯದನ್ನು ತಗ್ಗಿಸಲು xಅನ್ನು 1ರ ಹತ್ತಿರ ಒಯ್ದರೆ ಮೊದಲನೆಯದು ಹಿಗ್ಗುತ್ತದೆ. ಮೊದಲನೆಯದನ್ನು ತಗ್ಗಿಸಲು nಅನ್ನು ಏರಿಸಿದರೆ ಎರಡನೆಯದು ಹಿಗ್ಗುತ್ತದೆ. ಏಕರೂಪ ಅಭಿಸರಣವಿದ್ದಿದ್ದರೆ n ಒಂದನ್ನು ಮೊದಲು ಕಟ್ಟಿಹಾಕಬಹುದಿತ್ತು, x ಹೇಗೆ ಓಡಾಡಿದರೂ ಮೊದಲ ತುಂಡು ಚಿಕ್ಕದಾಗಿಯೇ ಉಳಿಯುತ್ತಿತ್ತು, ಆಮೇಲೆ ಆ ಒಂದು fₙನ ಅವಿಚ್ಛಿನ್ನತೆಯಿಂದ ಎರಡನೆಯದನ್ನು ಪಳಗಿಸಬಹುದಿತ್ತು. ಇಡೀ ಅಧ್ಯಾಯದಲ್ಲಿ ಒಂದೇ ಒಂದು ಸಾಲನ್ನು ನೆನಪಿಡುವುದಾದರೆ ನಾನು xⁿ + (1 − xⁿ) = 1 ಎಂಬ ಈ ಸಾಲನ್ನೇ ಆರಿಸುತ್ತೇನೆ.

ಈ ಎಡವಟ್ಟು ನಮ್ಮ ವಿದ್ಯಾರ್ಥಿಗಳದ್ದು ಮಾತ್ರವಲ್ಲ. 1821ರಲ್ಲಿ ಕೋಶಿ, ಅವಿಚ್ಛಿನ್ನ ಫಲನಗಳ ಅಭಿಸರಿಸುವ ಶ್ರೇಣಿಯ ಮೊತ್ತವೂ ಅವಿಚ್ಛಿನ್ನವೆಂದು ಬರೆದರು; 1826ರಲ್ಲಿ ಆಬೆಲ್ ಸೈನ್‌ಗಳ ಒಂದು ಶ್ರೇಣಿಯನ್ನು ಮುಂದಿಟ್ಟು, ಆ ಹೇಳಿಕೆಗೆ ಅಪವಾದಗಳಿವೆ ಎಂದು ತೋರಿಸಿದರು.

ಅಂತರವನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. [0, 0.99]ರ ಮೇಲೆ xⁿನ ಅತಿ ಹೆಚ್ಚಿನ ಬೆಲೆ 0.99ⁿ, ಅದು ಬಲತುದಿಯಲ್ಲಿ ಸಿಗುತ್ತದೆ, ಹಾಗಾಗಿ 0.1ರ ಅಳತೆಗೆ ಮೇಲೆ ಕಂಡ 230 ಎಂಬ ಒಂದೇ ಸಂಖ್ಯೆ ಇಡೀ ಅಂತರಕ್ಕೆ ಸಾಲುತ್ತದೆ. ಒಂದಕ್ಕಿಂತ ಕಡಿಮೆಯಿರುವ ಯಾವ a ತೆಗೆದುಕೊಂಡರೂ [0, a]ಯ ಮೇಲೆ ಅಭಿಸರಣ ಏಕರೂಪವೇ. ಅದರಿಂದ, ಇಂತಹ ಎಲ್ಲ ಅಂತರಗಳೂ ಸೇರಿ ಆಗುವ [0, 1)ರ ಮೇಲೆಯೂ ಏಕರೂಪ ಎಂದು ಹೇಳಲು ಬರುವುದಿಲ್ಲ, ಏಕೆಂದರೆ aಯೊಂದಿಗೆ N ಬೆಳೆಯುತ್ತ ಹೋಗುತ್ತದೆ, 1/2ರ n‑ನೆಯ ಮೂಲ 1ಕ್ಕಿಂತ ಕಡಿಮೆಯಾದ್ದರಿಂದ ಆ ಬಿಂದುವೂ [0, 1)ರೊಳಗೇ ಇದೆ. ಆದರೂ [0, 1)ರ ಮೇಲೆ ಮಿತಿ ಎಲ್ಲೆಡೆ 0, ಅದು ಅವಿಚ್ಛಿನ್ನ. ಒಂದು ಬಿಂದುವಿನಲ್ಲಿ ಅವಿಚ್ಛಿನ್ನತೆಯನ್ನು ಪರೀಕ್ಷಿಸಲು ಅದರ ಆಸುಪಾಸು ಸಾಕು, ಏಕರೂಪತೆಗೆ ಇಡೀ ಅಂತರ ಬೇಕು.

ಇಲ್ಲಿಂದ ಎರಡನೆಯ ತಪ್ಪು ಹುಟ್ಟುತ್ತದೆ: ಮಿತಿ ಅವಿಚ್ಛಿನ್ನವಾಗಿದ್ದರೆ ಅಭಿಸರಣ ಏಕರೂಪ ಎಂದು ಪ್ರಮೇಯವನ್ನು ತಿರುಗಿಸಿ ಓದುವುದು. ತುದಿ ತೆರೆದಿದ್ದರಿಂದ ಹಾಗಾಯಿತು ಎಂದು ಆ ವಿದ್ಯಾರ್ಥಿನಿ ಹೇಳಿದಾಗ, ಸಂವೃತ ಅಂತರಕ್ಕೇ ಮರಳಿ ಎರಡು ಲೆಕ್ಕ ಕೊಟ್ಟೆ: xⁿ(1 − x) ಮತ್ತು xⁿ(1 − xⁿ). [0, 1]ರ ಮೇಲೆ ಎರಡರ ಮಿತಿಯೂ 0. ಮೊದಲನೆಯದನ್ನು ಅವಕಲಿಸಿ ಸೊನ್ನೆಗೆ ಸಮೀಕರಿಸಿದರೆ ಗರಿಷ್ಠವು x = n/(n+1)ರಲ್ಲಿ ಸಿಗುತ್ತದೆ, ಅಲ್ಲಿನ ಬೆಲೆ 1/(n+1)ಕ್ಕಿಂತ ಕಡಿಮೆ; n = 9 ಆದಾಗ ಅದು ಸುಮಾರು 0.039. n ಏರಿದಂತೆ ಅದು ಸೊನ್ನೆಗೆ ಹೋಗುವುದರಿಂದ ಅಭಿಸರಣ ಏಕರೂಪ. ಎರಡನೆಯದರಲ್ಲಿ xⁿಅನ್ನು t ಎಂದು ಕರೆದರೆ t(1 − t) ಆಗುತ್ತದೆ, ಅದರ ಗರಿಷ್ಠ t = 1/2 ಆದಾಗ 1/4. ಆ ಬಿಂದು ಮತ್ತೆ ಅದೇ 1/2ರ n‑ನೆಯ ಮೂಲ. n ಹತ್ತಿರಲಿ, ಸಾವಿರವಿರಲಿ, ಎತ್ತರ 1/4ರಿಂದ ಇಳಿಯುವುದಿಲ್ಲ. ಮಿತಿ ಅವಿಚ್ಛಿನ್ನವಾಗಿದ್ದರೂ ಅಭಿಸರಣ ಏಕರೂಪವಲ್ಲ. ಅವಳು ಎರಡನೆಯದರ ಗೆರೆಯನ್ನು ಗ್ರಾಫ್ ಹಾಳೆಯ ಮೇಲೆ n = 5ಕ್ಕೂ n = 20ಕ್ಕೂ ಎಳೆದಳು. ಗುಡ್ಡ ಬಲಕ್ಕೆ ಸರಿದು ಕಿರಿದಾಗಿತ್ತು, ಎರಡೂ ಸಲ ಅದರ ನೆತ್ತಿ 2.5 ಸೆಂಟಿಮೀಟರಿನಲ್ಲೇ ಇತ್ತು.